ದುರಸ್ತಿಯೇ, ಬದಲಿಯೇ, ಹಣ ವಾಪಸೇ? ವಾರಂಟಿ ಕಾರ್ಡನ್ನು ಕನ್ನಡಕ್ಕೆ ತರುವ ಬಗೆ

ಹೊಸ ಫ್ರಿಜ್ ಜೊತೆ ಬರುವ ಕನ್ನಡ ವಾರಂಟಿ ಕಾರ್ಡಿನಲ್ಲಿ ಇಂಥದೊಂದು ವಾಕ್ಯ ಇರುತ್ತದೆ ಎಂದುಕೊಳ್ಳಿ: ‘ಒಂದು ವರ್ಷದೊಳಗೆ ದೋಷ ಕಂಡುಬಂದಲ್ಲಿ ಉಚಿತವಾಗಿ ದುರಸ್ತಿ ಅಥವಾ ಬದಲಾವಣೆ ಮಾಡಿಕೊಡಲಾಗುವುದು.’ ವ್ಯಾಕರಣದಲ್ಲಿ ತಪ್ಪಿಲ್ಲ. ಆದರೆ ಮಾಡಿಕೊಡುವವರು ಯಾರು, ಎರಡರಲ್ಲಿ ಒಂದನ್ನು ಆರಿಸುವವರು ಯಾರು, ಬದಲಾಗುವುದು ಬಿಡಿಭಾಗವೋ ಇಡೀ ಫ್ರಿಜ್ಜೋ ಎಂಬುದು ತಿಳಿಯುವುದಿಲ್ಲ. ಜಗಳ ಹುಟ್ಟುವುದು ಇಲ್ಲೇ.

ಮೊದಲು ಮೂಲಕ್ಕೆ ಗುರುತು ಹಾಕಿ

ಅನುವಾದಕ್ಕೆ ಕೂರುವ ಮುನ್ನ ಇಂಗ್ಲಿಷ್ ಕಾರ್ಡನ್ನು ಪೂರ್ತಿ ಓದಿ. ದುರಸ್ತಿ, ಬದಲಿ, ಹಣ ವಾಪಸು ಎಂಬ ಮೂರು ಹೊಣೆಗಳು ಎಲ್ಲೆಲ್ಲಿ ಬಂದಿವೆಯೋ ಅಲ್ಲೆಲ್ಲ ಬೇರೆ ಬೇರೆ ಬಣ್ಣದಲ್ಲಿ ಗೆರೆ ಎಳೆಯಿರಿ. ಹಲವು ಕಾರ್ಡುಗಳಲ್ಲಿ ಮೂರನೆಯ ಬಣ್ಣಕ್ಕೆ ಕೆಲಸವೇ ಇರುವುದಿಲ್ಲ. ಹಣ ಹಿಂದಿರುಗಿಸುವ ಮಾತನ್ನೇ ಕಂಪನಿ ಆಡಿರುವುದಿಲ್ಲ. ಇಲ್ಲದ ಭರವಸೆಯನ್ನು ಕನ್ನಡದಲ್ಲಿ ಸೇರಿಸಬಾರದು, ಇರುವುದನ್ನು ಮಸುಕು ಮಾಡಲೂಬಾರದು.

‘ಲಾಗುವುದು’ ಬಿಟ್ಟು ಕರ್ತೃವನ್ನು ಹೆಸರಿಸಿ

‘ಮಾಡಲಾಗುವುದು’ ಎಂಬುದು ಕಚೇರಿ ಕನ್ನಡದ ಅಡಗುತಾಣ. ಯಾರ ಮೇಲೂ ಹೊಣೆ ಬೀಳದಂತೆ ವಾಕ್ಯ ಮುಗಿಸಲು ಅದು ಅನುಕೂಲ. ‘ಕಂಪನಿಯು ದುರಸ್ತಿ ಮಾಡಿಕೊಡುತ್ತದೆ’ ಎಂದು ಬರೆದರೆ ಹೊಣೆ ಯಾರದೆಂಬ ಪ್ರಶ್ನೆ ಉಳಿಯುವುದಿಲ್ಲ.

‘ಬಹುದು’ ಇನ್ನೂ ಜಾರುವ ಪದ. ‘ಕಂಪನಿಯು ಬದಲಿ ಕೊಡಬಹುದು’ ಎಂದರೆ ಕೊಡುವ ಸಾಧ್ಯತೆಯಿದೆ ಎಂದೂ ಆಗುತ್ತದೆ, ಕೊಡಲು ಕಂಪನಿಗೆ ಸ್ವಾತಂತ್ರ್ಯವಿದೆ ಎಂದೂ ಆಗುತ್ತದೆ. ಮೂಲದಲ್ಲಿರುವುದು ‘ಶಲ್’ ಆಗಿದ್ದರೆ ‘ಕೊಡುತ್ತದೆ’ ಅಥವಾ ‘ಕೊಡಲೇಬೇಕು’ ಎನ್ನಿ. ‘ಮೇ’ ಆಗಿದ್ದರೆ ‘ಕೊಡುವುದು ಬಿಡುವುದು ಕಂಪನಿಯ ತೀರ್ಮಾನ’ ಎಂದು ಬಿಡಿಸಿ ಹೇಳಿ. ನಾಲ್ಕು ಪದ ಹೆಚ್ಚಾದರೆ ನಷ್ಟವಿಲ್ಲ.

‘ಅಥವಾ’ ಯಾರ ಕೈಯಲ್ಲಿದೆ?

ದುರಸ್ತಿ ಅಥವಾ ಬದಲಿ ಎಂದು ಓದಿದ ಗ್ರಾಹಕ ಆಯ್ಕೆ ತನ್ನದೇ ಎಂದುಕೊಳ್ಳುತ್ತಾನೆ. ಇಂಗ್ಲಿಷ್ ಮೂಲದಲ್ಲಿ ಹಲವು ಸಲ ‘ಕಂಪನಿಯ ಇಚ್ಛೆಯಂತೆ’ ಎಂಬ ತುಣುಕು ಅಲ್ಪವಿರಾಮಗಳ ನಡುವೆ ಸಿಕ್ಕಿಕೊಂಡಿರುತ್ತದೆ. ಅವಸರದ ಅನುವಾದದಲ್ಲಿ ಮೊದಲು ಉದುರುವುದು ಅದೇ. ಅದನ್ನು ಪ್ರತ್ಯೇಕ ವಾಕ್ಯವಾಗಿ ಹೊರತನ್ನಿ.

ಜೊತೆಗೆ ‘ಬದಲಾವಣೆ’ಯನ್ನು ಕೈಬಿಟ್ಟು ಬದಲಾಗುವುದು ಏನೆಂದು ಹೇಳಿ. ಮೂಲದಲ್ಲಿ ದೋಷವಿರುವ ಬಿಡಿಭಾಗದ ಮಾತಿದ್ದರೆ ಆರಂಭದ ವಾಕ್ಯ ಹೀಗಾಗುತ್ತದೆ:

‘ಕೊಂಡ ದಿನದಿಂದ ಒಂದು ವರ್ಷದೊಳಗೆ ತಯಾರಿಕೆಯ ದೋಷ ಕಂಡುಬಂದರೆ, ಕಂಪನಿಯು ದೋಷವಿರುವ ಬಿಡಿಭಾಗವನ್ನು ಉಚಿತವಾಗಿ ದುರಸ್ತಿ ಮಾಡುತ್ತದೆ ಅಥವಾ ಅದರ ಜಾಗದಲ್ಲಿ ಬೇರೆ ಬಿಡಿಭಾಗ ಹಾಕಿಕೊಡುತ್ತದೆ. ಎರಡರಲ್ಲಿ ಯಾವುದೆಂದು ನಿರ್ಧರಿಸುವುದು ಕಂಪನಿ. ಈ ಷರತ್ತಿನಡಿ ಇಡೀ ಫ್ರಿಜ್ ಬದಲಿಸಿಕೊಡುವ ಹೊಣೆ ಕಂಪನಿಗಿಲ್ಲ.’

ಕೊನೆಯ ವಾಕ್ಯವನ್ನು ಮೂಲದಲ್ಲಿ ಹಾಗೆ ಹೇಳಿದ್ದರೆ ಮಾತ್ರ ಉಳಿಸಿ. ಇಲ್ಲದಿದ್ದರೆ ಬರೆಸಿದವರನ್ನು ಕೇಳಿ ತೀರ್ಮಾನಿಸಿ. ‘ಬೇರೆ’ ಎಂಬಲ್ಲಿ ‘ಹೊಸ’ ಎಂದು ಬರೆಯುವ ಮುನ್ನವೂ ಮೂಲ ನೋಡಿ. ಸರಿಪಡಿಸಿದ ಹಳೆಯ ಭಾಗವನ್ನು ಹಾಕಲು ಕೆಲವು ಕಾರ್ಡುಗಳು ಅವಕಾಶ ಇಟ್ಟುಕೊಂಡಿರುತ್ತವೆ.

‘ಉಚಿತ’ದ ಅಳತೆ

ಕಂಪ್ರೆಸರ್‌ಗೆ 10 ವರ್ಷ ವಾರಂಟಿ ಎಂದು ದಪ್ಪಕ್ಷರದಲ್ಲಿ ಇದ್ದರೆ, ಮೊದಲ ವರ್ಷದ ನಂತರ ಗ್ಯಾಸ್, ಕೂಲಿ, ಸಾಗಣೆ ಯಾರ ಖರ್ಚು ಎಂದು ಸಣ್ಣ ಅಕ್ಷರಗಳಲ್ಲಿ ಹುಡುಕಿ. ಅದು ಗ್ರಾಹಕರದಾಗಿದ್ದರೆ ಕನ್ನಡದಲ್ಲಿ ಆ ಮಾತು 10 ವರ್ಷದ ಪಕ್ಕದಲ್ಲೇ ಇರಲಿ.

ಹಣ ವಾಪಸಿನ ಮಾತು

‘ಮರುಪಾವತಿ’ ಎಂದರೆ ಸಾಲ ತೀರಿಸುವುದೂ ಹೌದು, ವಿಮೆಯವರು ಖರ್ಚು ಭರಿಸುವುದೂ ಹೌದು. ಕಾರ್ಡಿಗೆ ‘ಹಣ ವಾಪಸು’ ಸಾಕು. ವಾಪಸು ಬರುವುದು ಬಿಲ್ಲಿನ ಪೂರ್ತಿ ಮೊತ್ತವೋ ಬಳಕೆಯ ಸವಕಳಿ ಕಳೆದ ಮೊತ್ತವೋ ಎಂಬುದನ್ನು ಅದೇ ವಾಕ್ಯದಲ್ಲಿ ಹೇಳಿ.

ಕಾರ್ಡಿನಲ್ಲಿ ಹಣ ವಾಪಸಿನ ಪ್ರಸ್ತಾಪ ಇಲ್ಲವೆಂದ ಮಾತ್ರಕ್ಕೆ ಗ್ರಾಹಕನ ದಾರಿ ಮುಚ್ಚಿತು ಎಂದಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ 39ನೇ ಕಲಮಿನ ಪ್ರಕಾರ ದೋಷ ಸಾಬೀತಾದರೆ ಅದನ್ನು ಸರಿಪಡಿಸಲು, ವಸ್ತುವನ್ನೇ ಬದಲಿಸಲು ಅಥವಾ ಬೆಲೆ ಹಿಂದಿರುಗಿಸಲು ಜಿಲ್ಲಾ ಗ್ರಾಹಕ ಆಯೋಗ ಆದೇಶಿಸಬಹುದು. ದೂರಿಗೆ ಕಾರಣ ಹುಟ್ಟಿದ ದಿನದಿಂದ ಸಾಮಾನ್ಯವಾಗಿ 2 ವರ್ಷದೊಳಗೆ ದೂರು ಕೊಡಬೇಕು. ಇದು ಕಾನೂನು ಕೊಟ್ಟ ಹಕ್ಕೇ ಹೊರತು ಕಂಪನಿ ಕೊಟ್ಟ ಭರವಸೆಯಲ್ಲ, ಅನುವಾದದೊಳಗೆ ಬೆರೆಸಬೇಡಿ.

ಕೊನೆಯ ಪರೀಕ್ಷೆ

ಇಂಗ್ಲಿಷ್ ಮೂಲವನ್ನು ನೋಡದ ಒಬ್ಬರಿಗೆ ಕನ್ನಡ ಕಾರ್ಡ್ ಕೊಡಿ. ಎಂಟನೇ ತಿಂಗಳಲ್ಲಿ ಫ್ರಿಜ್ ತಣ್ಣಗಾಗುತ್ತಿಲ್ಲ, ಮೂರನೇ ವರ್ಷದಲ್ಲಿ ಕಂಪ್ರೆಸರ್ ಕೆಟ್ಟಿತು, ಒಂದೇ ದೋಷ ಮತ್ತೆ ಮತ್ತೆ ಮರುಕಳಿಸುತ್ತಿದೆ ಎಂಬ ಮೂರು ಸಂದರ್ಭ ಹೇಳಿ, ಕಂಪನಿ ಏನು ಮಾಡಬೇಕು, ಖರ್ಚು ಯಾರದು ಎಂದು ಕೇಳಿ. ಅವರ ಉತ್ತರವನ್ನು ಮೂಲದೊಂದಿಗೆ ಹೋಲಿಸಿ. ಎಲ್ಲಿ ತಾಳೆಯಾಗುವುದಿಲ್ಲವೋ ಆ ವಾಕ್ಯವನ್ನು ತಿದ್ದಿ. ಮೂರನೆಯ ಸಂದರ್ಭಕ್ಕೆ ಮೂಲದಲ್ಲೇ ಉತ್ತರವಿಲ್ಲದಿದ್ದರೆ ಅದನ್ನು ಕಾರ್ಡ್ ಬರೆಸಿದವರ ಗಮನಕ್ಕೆ ಬರಹದಲ್ಲೇ ತನ್ನಿ.