ಒಂದೇ ಟೆಲ್ಮಿಸಾರ್ಟನ್, ಮೂರು ಬೆಲೆ: ಮೆಡಿಕಲ್ ಶಾಪಿನ ಒಳಗಿನಿಂದ

ಬಿಪಿ ಮಾತ್ರೆಗಳಲ್ಲಿ ನಮ್ಮ ಅಂಗಡಿಯಿಂದ ತುಂಬಾ ಹೋಗೋದು ಟೆಲ್ಮಿಸಾರ್ಟನ್ 40. ಡಾಕ್ಟರು ಬರೆಯುವ ದೊಡ್ಡ ಕಂಪನಿಯ ಸ್ಟ್ರಿಪ್ ತಗೊಂಡರೆ ಹತ್ತು ಮಾತ್ರೆಗೆ ₹70 ಆಸುಪಾಸು. ಅದರ ಪಕ್ಕದಲ್ಲೇ ಇನ್ನೊಂದು ಸ್ಟ್ರಿಪ್ ಇದೆ. ಅದರ ಮೇಲೂ ₹60ರ ಹತ್ತಿರ ಎಂಆರ್‌ಪಿ ಇದೆ, ಆದರೆ ನನಗೆ ಅದು ಬರೋದು ₹12ರ ಒಳಗೆ. ಎದುರು ಬೀದಿಯ ಜನೌಷಧಿ ಕೇಂದ್ರದಲ್ಲಿ ಗಿರಾಕಿಗೇ ಹತ್ತು ಮಾತ್ರೆ ಹೆಚ್ಚುಕಮ್ಮಿ ₹12ಕ್ಕೆ ಸಿಗುತ್ತದೆ. ಮೂರರಲ್ಲೂ ಇರೋದು ಅದೇ 40 ಮಿಲಿಗ್ರಾಂ ಟೆಲ್ಮಿಸಾರ್ಟನ್.

ನಮ್ಮಲ್ಲಿ ಒಂದು ಗೊಂದಲ ಮೊದಲೇ ಬಿಡಿಸಿಕೊಳ್ಳಬೇಕು. ಜನ 'ಕಂಪನಿ ಮಾತ್ರೆ' ಮತ್ತು 'ಜನರಿಕ್' ಅಂತ ಎರಡು ಜಾತಿ ಮಾಡುತ್ತಾರೆ. ಈ ಔಷಧವನ್ನು ಕಂಡುಹಿಡಿದದ್ದು ಬೇರೆ ದೇಶದ ಕಂಪನಿ. ನಮ್ಮ ಡಾಕ್ಟರುಗಳು ದಿನಾ ಬರೆಯೋ ಭಾರತದ ಬ್ರ್ಯಾಂಡುಗಳು ಆ ಮೂಲ ಔಷಧದ ನಕಲುಗಳೇ, ಹೆಸರು ಇಟ್ಟುಕೊಂಡ ಜನರಿಕ್‌ಗಳು. ಅಂದರೆ ₹70ರ ಸ್ಟ್ರಿಪ್ಪೂ ಜನರಿಕ್ಕೇ, ₹12ರ ಸ್ಟ್ರಿಪ್ಪೂ ಜನರಿಕ್ಕೇ. ಪೇಟೆಂಟ್ ಇರುವ ಔಷಧದ ಕಥೆ ಬೇರೆ. ಸಕ್ಕರೆ ಕಾಯಿಲೆಗೆ ಕೊಡುವ ಎಂಪಾಗ್ಲಿಫ್ಲೋಜಿನ್ ಒಂದು ಮಾತ್ರೆಗೆ ₹60ರ ಹತ್ತಿರ ಇತ್ತು. 2025ರ ಮಾರ್ಚ್‌ನಲ್ಲಿ ಪೇಟೆಂಟ್ ಮುಗಿಯಿತು. ಕೆಲವೇ ದಿನಗಳಲ್ಲಿ ಹತ್ತಾರು ಕಂಪನಿಗಳ ಮಾತ್ರೆ ಬಂದವು, ಬೆಲೆ ಐದನೇ ಒಂದು ಭಾಗಕ್ಕೂ ಕೆಳಗೆ ಬಿತ್ತು. ಅಲ್ಲಿ ಬೆಲೆ ಯಾಕೆ ಹೆಚ್ಚಿತ್ತು ಅಂತ ಹೇಳೋದು ಸುಲಭ. ಟೆಲ್ಮಿಸಾರ್ಟನ್‌ಗೆ ಪೇಟೆಂಟಿನ ನೆಪವೂ ಇಲ್ಲ. ಹಾಗಾದರೆ ₹70 ಎಲ್ಲಿಂದ ಬರುತ್ತದೆ?

ಒಂದು ಸ್ಟ್ರಿಪ್ ಬಿಚ್ಚಿ ಲೆಕ್ಕ ಹಾಕೋಣ. ತೆರಿಗೆ ಬಿಟ್ಟು ₹70 ಅಂತ ಇಟ್ಟುಕೊಳ್ಳಿ. ಟೆಲ್ಮಿಸಾರ್ಟನ್ ಸರ್ಕಾರದ ಅಗತ್ಯ ಔಷಧಗಳ ಪಟ್ಟಿಯಲ್ಲಿದೆ, ಇಂಥ ಔಷಧಕ್ಕೆ ನನ್ನಂಥ ಅಂಗಡಿಯವನ ಪಾಲು 16%. ಹಾಗಾಗಿ ಅದು ನನ್ನ ಕೈಗೆ ಸುಮಾರು ₹60ಕ್ಕೆ ಬರುತ್ತದೆ. ಸ್ಟಾಕಿಸ್ಟ್ ತನ್ನ 8% ಇಟ್ಟುಕೊಂಡರೆ ಕಂಪನಿಗೆ ಉಳಿಯೋದು ₹55. ಈಗ ಒಳಗಿನ ಪುಡಿ. ಹತ್ತು ಮಾತ್ರೆಯಲ್ಲಿ ಟೆಲ್ಮಿಸಾರ್ಟನ್ ಇರೋದು 400 ಮಿಲಿಗ್ರಾಂ, ಒಂದು ಗ್ರಾಂನ ಅರ್ಧವೂ ಅಲ್ಲ. ಕೆಜಿಗೆ ₹5,000 ಅಂತ ಧಾರಾಳವಾಗಿ ಹಿಡಿದರೂ ಪುಡಿಯ ಬೆಲೆ ₹2. ಮಾತ್ರೆ ಒತ್ತೋದು, ಅಲ್ಯೂಮಿನಿಯಂ ಫಾಯಿಲ್, ಪರೀಕ್ಷೆ, ಡಬ್ಬಿ, ಸಾಗಣೆ ಎಲ್ಲ ಸೇರಿಸಿದರೂ ₹12ಕ್ಕೆ ಮಾರಿ ಯಾರೂ ಮುಳುಗಿಲ್ಲ ಅನ್ನೋದು ಜನೌಷಧಿಯ ಟೆಂಡರಿನಿಂದಲೇ ಗೊತ್ತಾಗುತ್ತದೆ.

ಉಳಿದ ದುಡ್ಡಿನ ದೊಡ್ಡ ಪಾಲು ಹೋಗೋದು ಡಾಕ್ಟರ ಪೆನ್ನಿನ ತುದಿಗೆ ಆ ಹೆಸರು ಬರುವ ಹಾಗೆ ಮಾಡೋದಕ್ಕೆ. ಚೀಟಿ ಮೇಲೆ ಮಾರುವ ಔಷಧಕ್ಕೆ ಟಿವಿಯಲ್ಲಿ ಜಾಹೀರಾತು ಕೊಡುವ ಹಾಗಿಲ್ಲ. ಹಾಗಾಗಿ ಕಂಪನಿಗಳು ಊರೂರಿಗೆ ರೆಪ್‌ಗಳನ್ನು ಇಟ್ಟಿವೆ. ಬ್ಯಾಗು ಹಿಡಿದು ಕ್ಲಿನಿಕ್ಕಿನ ಬಾಗಿಲಲ್ಲಿ ಕಾಯುವ ಆ ಹುಡುಗರ ಸಂಬಳ, ಪೆಟ್ರೋಲು, ಸ್ಯಾಂಪಲ್ಲು, ಅವರ ಮೇಲಿನ ಮ್ಯಾನೇಜರು, ಹೋಟೆಲ್‌ನಲ್ಲಿ ನಡೆಯೋ ಸಭೆ ಎಲ್ಲವೂ ಇದೇ ₹55ರೊಳಗಿಂದಲೇ ಬರಬೇಕು. ರೆಪ್‌ಗಳ ಮೇಲೆ ನನಗೆ ಸಿಟ್ಟಿಲ್ಲ. ಅವರ ಕೆಲಸ ಬಹಳ ಕಷ್ಟದ್ದು.

ಸರ್ಕಾರ ಬೆಲೆ ಕಟ್ಟಿದೆಯಲ್ಲ, ಆದರೂ ಯಾಕೆ ಇಷ್ಟು ಅಂತ ಕೆಲವರು ಕೇಳುತ್ತಾರೆ. ಇಲ್ಲೇ ಇರೋದು ಸ್ವಾರಸ್ಯ. 2013ರ ಬೆಲೆ ನಿಯಂತ್ರಣ ಆದೇಶದ ಪ್ರಕಾರ, ಮಾರುಕಟ್ಟೆಯಲ್ಲಿ ಶೇಕಡಾ 1 ಅಥವಾ ಅದಕ್ಕಿಂತ ಜಾಸ್ತಿ ಪಾಲು ಇರುವ ಬ್ರ್ಯಾಂಡುಗಳು ಅಂಗಡಿಯವನಿಗೆ ಕೊಡುವ ಬೆಲೆಯ ಸರಾಸರಿ ತೆಗೆದು, ಅದರ ಮೇಲೆ 16% ಸೇರಿಸಿ ಗರಿಷ್ಠ ಬೆಲೆ ಗೊತ್ತುಮಾಡುತ್ತಾರೆ. ಮಾಡೋ ಖರ್ಚು ಎಷ್ಟು ಅಂತ ಇಲ್ಲಿ ಯಾರೂ ಕೇಳೋದಿಲ್ಲ. 1995ರ ಹಳೆಯ ಆದೇಶದಲ್ಲಿ ಖರ್ಚಿನ ಲೆಕ್ಕ ಇತ್ತು. ಈಗ ದುಬಾರಿ ಬ್ರ್ಯಾಂಡುಗಳೇ ಸೇರಿ ಸರಾಸರಿಯನ್ನು ಮೇಲಕ್ಕೆ ಎತ್ತುತ್ತವೆ. ಆಮೇಲೆ ಆ ಗೆರೆಯ ಕೆಳಗೇ ಒತ್ತಿಕೊಂಡು ನಿಲ್ಲುತ್ತವೆ.

ಇನ್ನು ಆ ನಡುವಿನ ಸ್ಟ್ರಿಪ್. ಇದನ್ನು ನಮ್ಮ ವ್ಯಾಪಾರದಲ್ಲಿ ಟ್ರೇಡ್ ಜನರಿಕ್ ಅನ್ನುತ್ತೇವೆ. ಎಷ್ಟೋ ಸಲ ಇದನ್ನೂ ಹೆಸರಾಂತ ಕಂಪನಿಗಳ ಬೇರೆ ವಿಭಾಗವೇ ಮಾರುತ್ತದೆ. ಇದಕ್ಕೆ ರೆಪ್ ಇಲ್ಲ, ಡಾಕ್ಟರ ಹತ್ತಿರ ಯಾರೂ ಹೋಗಲ್ಲ. ಸ್ಟಾಕಿಸ್ಟ್ ಮೂಲಕ ನೇರ ನಮ್ಮ ಕೌಂಟರಿಗೆ ಬರುತ್ತದೆ. ಬೇರೆ ಕಡೆ ಡಾಕ್ಟರಿಗೆ ಆಸೆ ತೋರಿಸೋ ದುಡ್ಡು ಇಲ್ಲಿ ಅಂಗಡಿಯವನ ಕಡೆ ತಿರುಗಿದೆ. ₹12ಕ್ಕೆ ತಂದು ₹60ರ ಎಂಆರ್‌ಪಿ ತೋರಿಸಿ 'ನಿಮಗೆ ಅಂತ 30% ಡಿಸ್ಕೌಂಟ್' ಅಂದರೆ ಗಿರಾಕಿ ಖುಷಿಯಾಗಿ ₹42 ಕೊಟ್ಟು ಹೋಗುತ್ತಾರೆ. ₹30 ಅಂಗಡಿಯವನ ಜೇಬಿಗೆ. ಕಾನೂನಿನಲ್ಲಿ ಇದಕ್ಕೆ ತಡೆ ಇಲ್ಲ. ಹಾಗಾಗಿ ಡಿಸ್ಕೌಂಟ್ ಬೋರ್ಡಿನ ಶೇಕಡಾ ಎಷ್ಟು ಅಂತ ನೋಡಬೇಡಿ, ಒಂದು ಮಾತ್ರೆಗೆ ಎಷ್ಟು ಬಿತ್ತು ಅಂತ ನೋಡಿ. ನಾನು ಈ ಸ್ಟ್ರಿಪ್‌ಗಳನ್ನು ಖರೀದಿ ಬೆಲೆಯ ಮೇಲೆ ಲಾಭ ಇಟ್ಟು ₹20ರ ಒಳಗೇ ಕೊಡುತ್ತೇನೆ. ಮೊದಮೊದಲು ಜನ ಅನುಮಾನದಿಂದ ನೋಡಿದರು. ₹60ರ ಮಾತ್ರೆ ₹18ಕ್ಕೆ ಅಂದರೆ ಡೇಟ್ ಮುಗಿದಿದೆಯಾ ಅಂತ ತಿರುಗಿಸಿ ನೋಡೋದು ಸಹಜ ಅಲ್ವಾ?

ಇಲ್ಲಿ ನನ್ನ ಕೈ ಕಟ್ಟಿಹಾಕುವ ಒಂದು ನಿಯಮವೂ ಇದೆ. ಚೀಟಿಯಲ್ಲಿ ಡಾಕ್ಟರು ಬ್ರ್ಯಾಂಡ್ ಹೆಸರು ಬರೆದಿದ್ದರೆ, ಒಳಗಿರೋದು ಅದೇ ಔಷಧವಾದರೂ ನಾನು ಬೇರೆ ಕಂಪನಿಯದ್ದನ್ನು ಬದಲಾಯಿಸಿ ಕೊಡುವ ಹಾಗಿಲ್ಲ. 1945ರ ಔಷಧ ನಿಯಮಗಳ 65ನೇ ನಿಯಮ ಹಾಗೆ ಹೇಳುತ್ತದೆ. ಡಾಕ್ಟರುಗಳು ಜನರಿಕ್ ಹೆಸರನ್ನೇ ಬರೆಯಬೇಕು ಅಂತ 2023ರ ಆಗಸ್ಟ್‌ನಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗ ಕಟ್ಟುನಿಟ್ಟಿನ ನಿಯಮ ತಂದಿತು, ಅದೇ ತಿಂಗಳು ತಡೆಹಿಡಿಯಿತು. ಹಾಗಾಗಿ ಗಿರಾಕಿಗೆ ನಾನು ಹೇಳೋದು ಒಂದೇ: ಮುಂದಿನ ಸಲ ಹೋದಾಗ, 'ಸಾರ್, ಔಷಧದ ಹೆಸರನ್ನೇ ಬರೆದುಕೊಡಿ, ಎಲ್ಲಾದರೂ ತಗೊಳ್ತೀನಿ' ಅಂತ ಕೇಳಿ. ಕೇಳಿದರೆ ಬಹಳಷ್ಟು ಡಾಕ್ಟರು ಬೇಡ ಅನ್ನೋದಿಲ್ಲ.

ನಮ್ಮ ಬೀದಿಯ ನಿವೃತ್ತ ಮೇಷ್ಟ್ರು ಒಬ್ಬರ ವಿಷಯ ಹೇಳುತ್ತೇನೆ. ಅವರು ಜನೌಷಧಿಯಿಂದ ಟೆಲ್ಮಿಸಾರ್ಟನ್ 40 ತಂದು ತಿನ್ನತೊಡಗಿದರು. ಸ್ವಲ್ಪ ದಿನಕ್ಕೆ ಬಂದು, "ಅಲ್ಲಪ್ಪಾ, ಅಗ್ಗದ ಮಾತ್ರೆ ಕೆಲಸ ಮಾಡ್ತಿಲ್ಲ ನೋಡು, ಬಿಪಿ 160ಕ್ಕೆ ಹೋಗಿದೆ" ಅಂದರು. "ಹಳೇ ಸ್ಟ್ರಿಪ್ ಇದೆಯಾ ಮೇಷ್ಟ್ರೇ, ತೋರಿಸಿ" ಅಂದೆ. ಜೇಬಿನಿಂದ ತೆಗೆದರು. ಬ್ರ್ಯಾಂಡ್ ಹೆಸರಿನ ಕೊನೆಯಲ್ಲಿ ಸಣ್ಣದಾಗಿ 'ಎಎಂ' ಅಂತ ಇತ್ತು. ಅಂದರೆ ಅದರಲ್ಲಿ ಟೆಲ್ಮಿಸಾರ್ಟನ್ 40 ಜೊತೆಗೆ ಅಮ್ಲೋಡಿಪಿನ್ 5 ಕೂಡ ಇತ್ತು. ಹೊಸದರಲ್ಲಿ ಅಮ್ಲೋಡಿಪಿನ್ ಇಲ್ಲ. ಎರಡು ಔಷಧ ತಿನ್ನುತ್ತಿದ್ದವರು ಒಂದನ್ನೇ ತಿನ್ನುತ್ತಿದ್ದರು. ಡಾಕ್ಟರಿಗೆ ತೋರಿಸಿ ಬರಲು ಹೇಳಿದೆ. ಅವರು ಎರಡೂ ಔಷಧದ ಹೆಸರು ಬಿಡಿಸಿ ಬರೆದರು, ಎರಡೂ ಜನೌಷಧಿಯಲ್ಲೇ ಸಿಕ್ಕವು. ಬಿಪಿ ಹಿಂದಿನ ಮಟ್ಟಕ್ಕೆ ಇಳಿಯಿತು.

ಈ ಬಾಲಂಗೋಚಿ ಅಕ್ಷರಗಳನ್ನು ಜನ ನೋಡೋದೇ ಇಲ್ಲ. 'ಎಚ್' ಅಂದರೆ ಸಾಮಾನ್ಯವಾಗಿ ಮೂತ್ರ ಹೆಚ್ಚಿಸುವ ಹೈಡ್ರೋಕ್ಲೋರೋಥಯಜೈಡ್ ಸೇರಿದೆ ಅಂತ. ಬೇರೆ ಔಷಧಗಳಲ್ಲಿ 'ಎಸ್‌ಆರ್' ಅಥವಾ 'ಇಆರ್' ಇದ್ದರೆ ನಿಧಾನವಾಗಿ ಕರಗುವ ಮಾತ್ರೆ. ಅದರ ಬದಲಿಗೆ ಸಾದಾ ಮಾತ್ರೆ ತಿನ್ನುವ ಹಾಗಿಲ್ಲ. ಬ್ರ್ಯಾಂಡ್ ಹೆಸರನ್ನು ಮರೆತುಬಿಡಿ. ಔಷಧದ ಹೆಸರು ಈಗ ಸ್ಟ್ರಿಪ್ ಮೇಲೆ ಬ್ರ್ಯಾಂಡಿಗಿಂತ ದೊಡ್ಡ ಅಕ್ಷರದಲ್ಲಿ ಇರಬೇಕು. ಅದನ್ನು ಓದಿ, ಎದುರಿಗಿನ ಮಿಲಿಗ್ರಾಂ ಓದಿ, ಎರಡು ಸ್ಟ್ರಿಪ್ ಪಕ್ಕಪಕ್ಕ ಇಟ್ಟು ಸಾಲು ಸಾಲಾಗಿ ಹೋಲಿಸಿ.

ಗುಣಮಟ್ಟದ ಪ್ರಶ್ನೆ ಸುಳ್ಳಲ್ಲ. ಟೆಲ್ಮಿಸಾರ್ಟನ್ ನೀರಿನಲ್ಲಿ ಸುಲಭವಾಗಿ ಕರಗೋದಿಲ್ಲ. ಇಂಥ ಔಷಧಗಳ ಹೊಸ ಜನರಿಕ್‌ಗೆ ಪರವಾನಗಿ ಬೇಕಾದರೆ, ರಕ್ತದಲ್ಲಿ ಮೂಲ ಔಷಧದಷ್ಟೇ ಸೇರುತ್ತದೆ ಅಂತ ಪರೀಕ್ಷೆ ಮಾಡಿ ತೋರಿಸಬೇಕು ಅಂತ ನಿಯಮ ಬಂದದ್ದು 2017ರಲ್ಲಿ. ಅದಕ್ಕೂ ಮುಂಚೆ ಪರವಾನಗಿ ಪಡೆದವು ಎಷ್ಟೋ ಇವೆ, ದುಬಾರಿ ಬ್ರ್ಯಾಂಡುಗಳಲ್ಲೂ ಇವೆ. ಬೆಲೆ ನೋಡಿ ಇದನ್ನು ಹೇಳಲಾಗುವುದಿಲ್ಲ. ಕಣ್ಣಿಗೆ ಕಾಣೋದು ಒಂದಿದೆ. ಈ ಮಾತ್ರೆ ಗಾಳಿಯ ತೇವವನ್ನು ಬೇಗ ಹೀರುತ್ತದೆ. ಎರಡೂ ಕಡೆ ಅಲ್ಯೂಮಿನಿಯಂ ಇರುವ ಸ್ಟ್ರಿಪ್ ಆದರೆ ಒಳ್ಳೆಯದು. ಒತ್ತಿ ತೆಗೆದಾಗ ಮಾತ್ರೆ ಗಟ್ಟಿಯಾಗಿರಬೇಕು. ಮೆತ್ತಗಾಗಿದ್ದರೆ, ಅಂಟುತ್ತಿದ್ದರೆ ಬ್ಯಾಚ್ ನಂಬರ್ ಸಮೇತ ವಾಪಸ್ ತನ್ನಿ. ವಾರದ ಮಾತ್ರೆ ಬಿಡಿಸಿ ಡಬ್ಬಿಗೆ ಹಾಕಿಡೋರು ನಮ್ಮ ಮಲೆನಾಡಿನ ಮಳೆಗಾಲದಲ್ಲಿ ಒಳ್ಳೆಯ ಮಾತ್ರೆಯನ್ನೂ ಕೆಡಿಸುತ್ತಾರೆ. ತಿನ್ನುವ ಹೊತ್ತಿಗೇ ಬಿಡಿಸಿ.

ಕಂಪನಿ ಬದಲಾಯಿಸುವವರಿಗೆ ನಾನು ಮನೆಯಲ್ಲಿ ಬಿಪಿ ನೋಡಿಕೊಳ್ಳಲು ಹೇಳುತ್ತೇನೆ. ಹಳೆಯ ಮಾತ್ರೆಯ ಕೊನೆಯ ವಾರ, ಬೆಳಿಗ್ಗೆ ಮಾತ್ರೆ ತಿನ್ನುವ ಮುಂಚೆ, ಐದು ನಿಮಿಷ ಸುಮ್ನೆ ಕೂತು ಎರಡು ಸಲ ನೋಡಿ ಬರೆದಿಡಿ. ಹೊಸದು ಶುರುವಾದ ಮೇಲೂ ಹಾಗೇ ಮುಂದುವರಿಸಿ. ಎರಡು ದಿನದಲ್ಲಿ ತೀರ್ಮಾನ ಮಾಡಬೇಡಿ, ಈ ಔಷಧದ ಪೂರ್ತಿ ಪರಿಣಾಮಕ್ಕೆ ನಾಲ್ಕು ವಾರ ಬೇಕು. ಸಂಖ್ಯೆ ಸತತವಾಗಿ ಮೇಲೆ ಹೋದರೆ ಆ ಚೀಟಿ ಹಿಡಿದು ಡಾಕ್ಟರ ಹತ್ತಿರ ಹೋಗಿ.

ಎಲ್ಲ ಔಷಧಕ್ಕೂ ಇದು ನಡೆಯಲ್ಲ. ಥೈರಾಯ್ಡಿನ ಲೆವೊಥೈರಾಕ್ಸಿನ್, ಫಿಟ್ಸ್‌ಗೆ ಕೊಡುವ ಫೆನಿಟೋಯಿನ್, ರಕ್ತ ಹೆಪ್ಪುಗಟ್ಟದಂತೆ ಕೊಡುವ ವಾರ್ಫರಿನ್, ಇವುಗಳಲ್ಲಿ ಸಣ್ಣ ವ್ಯತ್ಯಾಸವೂ ದೊಡ್ಡದಾಗುತ್ತದೆ. ಯಾವುದೋ ಒಂದಕ್ಕೆ ಹೊಂದಿಕೊಂಡಿದ್ದರೆ ಅದರಲ್ಲೇ ಇರಿ. ಬದಲಾಯಿಸಲೇಬೇಕಾದರೆ ಡಾಕ್ಟರಿಗೆ ಹೇಳಿ, ರಕ್ತ ಪರೀಕ್ಷೆ ಮಾಡಿಸಿಕೊಳ್ಳಿ. ನಮ್ಮ ಅಂಗಡಿಯಲ್ಲಿ ಇವುಗಳಿಗೆ ಅಗ್ಗದ್ದು ಇದೆ ಅಂತ ನಾನಾಗಿಯೇ ಹೇಳೋದಿಲ್ಲ.

ಜನೌಷಧಿಯ ನಿಜವಾದ ತೊಂದರೆ ನನ್ನ ಪ್ರಕಾರ ಸ್ಟಾಕ್. ಕೆಲವು ಸಲ ಬೇಕಾದ ಮಾತ್ರೆ ವಾರಗಟ್ಟಲೆ ಇರೋದಿಲ್ಲ. ಟೆಂಡರ್ ಬದಲಾದರೆ ತಯಾರಿಸುವ ಕಂಪನಿಯೂ ಬದಲಾಗಿ, ಮಾತ್ರೆಯ ಬಣ್ಣ ಆಕಾರ ಬೇರೆಯಾಗುತ್ತದೆ. ವಯಸ್ಸಾದವರು ಹಳೆಯದು ಹೊಸದು ಎರಡೂ ತಿಂದುಬಿಡುತ್ತಾರೆ. ಮೇಷ್ಟ್ರಿಗೆ ಹದಿನೈದು ದಿನದ ಮಾತ್ರೆ ಯಾವಾಗಲೂ ಹೆಚ್ಚಿಗೆ ಇಟ್ಟುಕೊಳ್ಳಲು ಹೇಳಿದ್ದೇನೆ. ಅಲ್ಲಿ ಸಿಗದಿದ್ದಾಗ ನನ್ನ ₹18ರ ಸ್ಟ್ರಿಪ್ ತಗೊಳ್ಳುತ್ತಾರೆ, ಹಳೇ ಸ್ಟ್ರಿಪ್ ಪಕ್ಕದಲ್ಲಿಟ್ಟು ಕನ್ನಡಕ ಏರಿಸಿ ಎರಡನ್ನೂ ಓದಿದ ಮೇಲೇ ದುಡ್ಡು ಕೊಡುತ್ತಾರೆ.