ಎರಡು ಉತ್ತರ ಬಂದರೆ ಯಾವುದನ್ನು ಬಿಡಬೇಕು?

ಕೋಲಾರದ ಕಡೆ ನೀಲಗಿರಿ ಕಂಬಗಳನ್ನು ಅಟ್ಟಿ ಹಾಕಿರುವುದನ್ನು ನೋಡಿರುತ್ತೀರಿ. ಕೆಳಗಿನ ಎರಡು ಕಂಬಗಳ ನಡುವಿನ ಸಂದಿನಲ್ಲಿ ಮೇಲಿನದು ಕೂರುತ್ತದೆ. ಹಾಗಾಗಿ ಒಂದೊಂದು ಸಾಲು ಏರಿದಂತೆ ಒಂದೊಂದು ಕಂಬ ಕಡಿಮೆಯಾಗುತ್ತದೆ. ಹತ್ತನೇ ತರಗತಿಯ ಸಮಾಂತರ ಶ್ರೇಢಿಗೆ ಇದಕ್ಕಿಂತ ಒಳ್ಳೆಯ ಲೆಕ್ಕ ಬೇಕಿಲ್ಲ.

ಸೂತ್ರ ಬರೆಯುವ ಮೊದಲು ಪ್ರಶ್ನೆ ಏನು ಕೇಳುತ್ತಿದೆ ನೋಡಿ. ಮೊದಲ ತಿಂಗಳು 500 ರೂಪಾಯಿ, ಆಮೇಲೆ ತಿಂಗಳಿಗೆ 50 ಹೆಚ್ಚಿಸುತ್ತಾ ಉಳಿತಾಯ ಮಾಡುತ್ತೀರಿ ಎನ್ನೋಣ. ‘12ನೇ ತಿಂಗಳು ಕಟ್ಟುವುದು ಎಷ್ಟು’ ಎಂದರೆ ಪದ ಬೇಕು:

aₙ = a + (n − 1)d

12ನೇ ತಿಂಗಳಿಗೆ ಬರುವಷ್ಟರಲ್ಲಿ ಹೆಚ್ಚಳ ಆಗಿರುವುದು 11 ಸಲ ಮಾತ್ರ. ಆದ್ದರಿಂದ 500 + 11 × 50 = 1,050 ರೂಪಾಯಿ. ‘ವರ್ಷಕ್ಕೆ ಒಟ್ಟು ಎಷ್ಟು’ ಎಂದರೆ ಮೊತ್ತ: 12/2 × (500 + 1,050) = 9,300.

ಈಗ ಕಂಬಗಳಿಗೆ ಬರೋಣ. ತಳದ ಸಾಲಿನಲ್ಲಿ 15, ಅದರ ಮೇಲೆ 14, ಹೀಗೆ ಒಟ್ಟು 114 ಕಂಬಗಳಿವೆ. ಸಾಲುಗಳೆಷ್ಟು? ಇಲ್ಲಿ a = 15. ಇಳಿಯುತ್ತಿರುವುದರಿಂದ d = −1; ಈ ಋಣ ಚಿಹ್ನೆ ಬಿಟ್ಟರೆ ಮುಂದಿನದೆಲ್ಲ ತಪ್ಪು.

Sₙ = n/2 [2a + (n − 1)d]
114 = n/2 [30 − (n − 1)]
n² − 31n + 228 = 0
(n − 12)(n − 19) = 0

n = 12 ಅಥವಾ 19. ‘ಋಣ ಬಂದದ್ದನ್ನು ಬಿಡಿ’ ಎಂಬ ಅಭ್ಯಾಸ ಇಲ್ಲಿ ಕೈಕೊಡುತ್ತದೆ, ಎರಡೂ ಧನ ಸಂಖ್ಯೆಗಳೇ. ತೀರ್ಮಾನಕ್ಕೆ ಕೊನೆಯ ಪದ ಕಂಡುಹಿಡಿಯಬೇಕು. 12ನೇ ಸಾಲಿನಲ್ಲಿ 15 − 11 = 4 ಕಂಬ, ಸರಿ. 19ನೇ ಸಾಲಿನಲ್ಲಿ 15 − 18 = −3! ಮೈನಸ್ ಮೂರು ಕಂಬ ಯಾರೂ ಜೋಡಿಸಲಾರರು. ಉತ್ತರ 12 ಸಾಲು.

19 ಎಲ್ಲಿಂದ ಬಂತು ಅಂತ ಮಕ್ಕಳು ಕೇಳುತ್ತಾರೆ, ಕೇಳಬೇಕಾದದ್ದೇ. 13ರಿಂದ 19ನೇ ಪದದವರೆಗೆ ಬರೆದು ನೋಡಿ: 3, 2, 1, 0, −1, −2, −3. ಕೂಡಿದರೆ ಸೊನ್ನೆ. ಹಾಗಾಗಿ 19 ಪದಗಳ ಮೊತ್ತವೂ 114 ಆಗಿಯೇ ಉಳಿಯುತ್ತದೆ. ಸಮೀಕರಣಕ್ಕೆ ಕಂಬ ಗೊತ್ತಿಲ್ಲ, ಅಂಕಿ ಮಾತ್ರ ಗೊತ್ತು.

ಅಟ್ಟಿಯಲ್ಲಿ 114 ಕಂಬಗಳೇ ಸಿಗಬೇಕೆಂದಿಲ್ಲವಲ್ಲ. 100 ಇದ್ದರೆ n² − 31n + 200 = 0 ಬರುತ್ತದೆ, ಇದಕ್ಕೆ ಪೂರ್ಣಾಂಕದ ಉತ್ತರವೇ ಇಲ್ಲ. ಗಾಬರಿಯಾಗಿ ಲೆಕ್ಕ ಅಳಿಸಬೇಡಿ. 9 ಸಾಲುಗಳ ಮೊತ್ತ 9/2 × (15 + 7) = 99. ಅಂದರೆ 9 ಸಾಲು ಪೂರ್ತಿ ತುಂಬಿ, ಹತ್ತನೇ ಸಾಲಿನಲ್ಲಿ ಒಂದೇ ಒಂದು ಕಂಬ ಇರುತ್ತದೆ.