ಲಗ್ನಪತ್ರಿಕೆ ಎಷ್ಟು ಹಾಕಿಸಬೇಕು? ನಾನು ಲೆಕ್ಕ ಹಾಕಿದ ಬಗೆ

ತಂಗಿ ಮದುವೆಗೆ ಪತ್ರಿಕೆ ಹಾಕಿಸುವ ಕೆಲಸ ನನ್ನ ಪಾಲಿಗೆ ಬಂತು. ಮೊದಲ ಪ್ರೆಸ್‌ನಲ್ಲಿ ಒಂದು ಪತ್ರಿಕೆಗೆ ಎಷ್ಟು ಬೀಳುತ್ತೆ ಅಂತ ಕೇಳಿದೆ. ಅವರು ಹೇಳಿದ್ದು, "200 ಹಾಕಿಸಿದರೆ ಇಷ್ಟು. 400 ಹಾಕಿಸಿದರೆ ರೇಟು ತುಂಬಾ ಇಳಿಯುತ್ತೆ, ಅಷ್ಟೇ ಹಾಕಿಸಿಬಿಡಿ." ಕೇಳೋಕೆ ಚೆನ್ನಾಗಿತ್ತು. ಆದರೆ ನಮಗೆ 400 ಬೇಕೇ ಇರಲಿಲ್ಲ.

ಮನೆಗೆ ಬಂದು ಒಂದು ಪತ್ರಿಕೆಯ ರೇಟನ್ನು ಬದಿಗಿಟ್ಟೆ. ಒಂದೇ ಡಿಸೈನ್, ಒಂದೇ ಕಾಗದಕ್ಕೆ 200, 300, 400ರ ಒಟ್ಟು ಮೊತ್ತ ಎಷ್ಟು ಅಂತ ಫೋನಿನಲ್ಲಿ ಕೇಳಿ ಬರೆದುಕೊಂಡೆ. ದರ ಒಂದೊಂದು ಕಡೆ ಒಂದೊಂದು ಥರ ಇರುತ್ತೆ. ಅದಕ್ಕೆ 200 ಪತ್ರಿಕೆಯ ಒಟ್ಟು ಮೊತ್ತವನ್ನು 100 ಪಾಲು ಅಂತ ಇಟ್ಟುಕೊಂಡು ಹೇಳುತ್ತೇನೆ. ಆಗ 300ಕ್ಕೆ 120 ಪಾಲು, 400ಕ್ಕೆ 140 ಪಾಲು ಆಯಿತು.

ಅಂದರೆ ನೂರು ಪತ್ರಿಕೆ ಜಾಸ್ತಿಯಾದರೆ 20 ಪಾಲು ಜಾಸ್ತಿ. ಹಾಗಾದರೆ 200 ಪತ್ರಿಕೆಯ ಕಾಗದ, ಶಾಯಿ, ಮಡಿಕೆಗೆ 40 ಪಾಲು ಸಾಕು. ಉಳಿದ 60 ಪಾಲು? ಅದು ಡಿಸೈನ್, ಪ್ಲೇಟ್, ಮಿಷನ್ ಹೊಂದಿಸುವ ಖರ್ಚು. ಹತ್ತೇ ಹಾಕಿಸಿದರೂ ಕೊಡಬೇಕಾದದ್ದು. ಇದು ಪ್ಲೇಟ್ ಮಾಡಿ ಅಚ್ಚು ಹಾಕುವ ಆಫ್‌ಸೆಟ್ ಲೆಕ್ಕ. ಡಿಜಿಟಲ್ ಪ್ರಿಂಟ್‌ನಲ್ಲಿ ಪ್ಲೇಟ್ ಇಲ್ಲ, ಹಾಗಾಗಿ ಈ ಮೊದಲ ಖರ್ಚು ಬಹಳ ಕಡಿಮೆ, ಒಂದೊಂದು ಪತ್ರಿಕೆಯ ಖರ್ಚು ಮಾತ್ರ ಜಾಸ್ತಿ. ಐವತ್ತು, ಅರವತ್ತು ಸಾಕು ಅನ್ನುವವರು ಡಿಜಿಟಲ್ ರೇಟನ್ನೇ ಮೊದಲು ಕೇಳಿ.

ಈ ಎರಡು ಭಾಗ ಬೇರೆ ಬೇರೆ ಕಂಡ ಮೇಲೆ ನನ್ನ ಯೋಚನೆಯೇ ಬದಲಾಯಿತು. ಈಗಲೇ 50 ಹೆಚ್ಚಿಗೆ ಹಾಕಿಸಿದರೆ 10 ಪಾಲು. ಕಡಿಮೆ ಬಿದ್ದು ಮತ್ತೆ 50 ಹಾಕಿಸಿದರೆ 60 ಮತ್ತು 10 ಸೇರಿ 70 ಪಾಲು. ಹಳೇ ಪ್ಲೇಟ್ ಇಟ್ಟಿದ್ದರೆ ಸ್ವಲ್ಪ ಇಳಿಯಬಹುದು, ಆದರೆ ಮಿಷನ್ ಮತ್ತೆ ಹೊಂದಿಸಲೇಬೇಕು. ಹಾಗಾಗಿ ಸ್ವಲ್ಪ ಮಿಗುವಂತೆ ಹಾಕಿಸುವುದು ಸರಿ. ರೇಟು ಇಳಿಯುತ್ತೆ ಅಂತ ಸುಮ್ನೆ ನೂರೈವತ್ತು ಮಿಗಿಸುವುದು ಸರಿಯಲ್ಲ.

ಕಾಗದದ ವಿಷಯದಲ್ಲೂ ಇದೇ ಲೆಕ್ಕ ಕೈಹಿಡಿಯಿತು. ತಂಗಿಗೆ ಕೈಗೆ ತರಿತರಿಯಾಗಿ ಸಿಗುವ ದುಬಾರಿ ಕಾಗದ ಇಷ್ಟವಾಗಿತ್ತು. ಮೊದಲು ರೇಟು ಕೇಳಿದ್ದ 300 ಜಿಎಸ್‌ಎಂ ತೂಕದ, ಹೊಳಪಿಲ್ಲದ ಮ್ಯಾಟ್ ಕಾಗದದಲ್ಲಿ ನೂರಕ್ಕೆ 20 ಪಾಲು ಇದ್ದದ್ದು ಅದರಲ್ಲಿ 34 ಆಗುತ್ತಿತ್ತು. 200 ಹಾಕಿಸಿದರೆ ಒಟ್ಟು 100 ಇದ್ದದ್ದು 128. 400 ಹಾಕಿಸಿದರೆ 140 ಇದ್ದದ್ದು 196. ಸಂಖ್ಯೆ ಕಡಿಮೆಯಿದ್ದಾಗ ಒಳ್ಳೆಯ ಕಾಗದ ಅಷ್ಟು ಭಾರ ಅನ್ನಿಸುವುದಿಲ್ಲ, ಅಲ್ವಾ? ಸಂಖ್ಯೆ ಮೊದಲು, ಕಾಗದ ಆಮೇಲೆ ಅಂತ ತಂಗಿಗೆ ಹೇಳಿದೆ.

ಸಂಖ್ಯೆಗೆ ಪಟ್ಟಿ ತೆಗೆದೆವು. ಅಮ್ಮ ಬರೆಸಿದ ಹೆಸರು 430. ಪತ್ರಿಕೆ ಹೋಗುವುದು ಮನೆಗೆ ಒಂದು. ಒಂದೊಂದು ಮನೆಯವರನ್ನು ಒಂದೇ ಗೆರೆಯಲ್ಲಿ ಸೇರಿಸಿದಾಗ 212 ಮನೆ ಆಯಿತು. ಮರೆತವರಿಗೆ 20, ನಾವು ಇಟ್ಟುಕೊಳ್ಳಲು 8 ಸೇರಿಸಿ 240 ಅಂತ ನಿಲ್ಲಿಸಿದೆ. ತಂಗಿ ಕೇಳಿದ ಕಾಗದದಲ್ಲೇ ಸುಮಾರು 142 ಪಾಲು. ಮ್ಯಾಟ್‌ನಲ್ಲಿ 400 ಹಾಕಿಸಿದ್ದರೂ ಹೆಚ್ಚುಕಡಿಮೆ ಅಷ್ಟೇ ಆಗುತ್ತಿತ್ತು!

ಕವರ್ ವಿಷಯ ನಾನು ಹಗುರವಾಗಿ ತೆಗೆದುಕೊಂಡಿದ್ದೆ. ಪ್ರೆಸ್ ಕೊಟ್ಟ ಮೊತ್ತದಲ್ಲಿ ಕವರ್ ಸೇರಿರಲಿಲ್ಲ. ಅದು ನೂರಕ್ಕೆ 12 ಪಾಲು, ಎಷ್ಟೇ ತೆಗೆದುಕೊಂಡರೂ ಅದೇ ದರ, ಅದೂ 50ರ ಕಟ್ಟಿನಲ್ಲಿ ಮಾತ್ರ. ಬೇರೆ ಪ್ರೆಸ್‌ಗಳ ಜೊತೆ ಹೋಲಿಸುವಾಗ ಕವರ್ ಸೇರಿದೆಯಾ, ಅದರ ಮೇಲಿನ ಅಚ್ಚು ಸೇರಿದೆಯಾ ಅಂತ ಕೇಳದಿದ್ದರೆ ಹೋಲಿಕೆಯೇ ತಪ್ಪಾಗುತ್ತೆ.

ಅಳತೆಯಲ್ಲೂ ಎಡವುವುದರಲ್ಲಿದ್ದೆ. ಪತ್ರಿಕೆಗಿಂತ 3 ಮಿಲಿಮೀಟರ್ ದೊಡ್ಡ ಕವರ್ ಆರಿಸಿದ್ದೆ. ಪ್ರೆಸ್‌ನವರು ಅದೇ ಕಾಗದದ ಖಾಲಿ ಮಾದರಿ ಮಡಿಸಿ ಕೊಟ್ಟರು. ಒಳಗೆ ಸೇರಿಸುವ ಇನ್ನೊಂದು ಹಾಳೆಯನ್ನೂ ಇಟ್ಟು ತುರುಕಿದೆ. ಕವರಿನ ಪಕ್ಕದ ಅಂಟು ಬಿಟ್ಟಿತು, ಮೇಲಿನ ಮಡಿಕೆ ಮುಚ್ಚಲೇ ಇಲ್ಲ. ಅಳತೆ ಪಟ್ಟಿಗೆ ಕಾಗದದ ದಪ್ಪ ಕಾಣಿಸುವುದಿಲ್ಲ. ಮುಂದಿನ ಅಳತೆಯ ಸಿದ್ಧ ಕವರ್‌ಗೆ ಹೋದೆ. ನಮ್ಮ ಅಳತೆಗೆ ಕವರ್ ಮಾಡಿಸಿದ್ದರೆ ಅದಕ್ಕೂ ಕವರಿನ ಆಕಾರಕ್ಕೆ ಕಾಗದ ಕತ್ತರಿಸುವ ಡೈ ಖರ್ಚು ಬೇರೆ ಬೀಳುತ್ತಿತ್ತು.

ಕೊನೆಗೆ 240 ಪತ್ರಿಕೆ, ಐದು ಕಟ್ಟು ಕವರ್ ತಂದೆವು. ವಿಳಾಸ ಬರೆಯುವಾಗ ತಪ್ಪಿ 7 ಕವರ್ ಹಾಳಾದವು. ಮದುವೆ ಮುಗಿದ ಮೇಲೆ ಎಣಿಸಿದಾಗ 11 ಪತ್ರಿಕೆ ಉಳಿದಿದ್ದವು. ಅದರಲ್ಲಿ ಎಂಟು ನಮಗೇ ಅಂತ ಇಟ್ಟಿದ್ದವು.